ಮಗುವಿನ ಕಾಲು ಬಾಗುತ್ತಿದ್ದರೆ: ಮನೆಯಲ್ಲಿ ಅಳೆಯುವುದರಿಂದ ಹನ್ನೆರಡು ವಾರದ ಔಷಧಿ ಮುಗಿಸುವವರೆಗೆ

ನಡೆಯಲು ಕಲಿತ ಹೊಸದರಲ್ಲಿ ಮಕ್ಕಳ ಕಾಲು ಸ್ವಲ್ಪ ಸೊಟ್ಟಗೇ ಇರುತ್ತದೆ. ಎರಡು ವರ್ಷದ ಹೊತ್ತಿಗೆ ಅದು ತಾನಾಗಿ ನೇರವಾಗುತ್ತದೆ. ಮೂರು-ನಾಲ್ಕು ವರ್ಷಕ್ಕೆ ಮಂಡಿಗಳು ಒಳಕ್ಕೆ ಸರಿದು ಒಂದಕ್ಕೊಂದು ತಾಗುವಂತೆ ಕಾಣುತ್ತವೆ, ಏಳು ವರ್ಷದ ಹೊತ್ತಿಗೆ ಅದೂ ಸರಿಹೋಗುತ್ತದೆ. ಹಾಗಾಗಿ "ದೊಡ್ಡವನಾದರೆ ಸರಿಹೋಗುತ್ತೆ ಬಿಡಿ" ಎಂದು ಹಿರಿಯರು ಹೇಳುವುದರಲ್ಲಿ ಅರ್ಧ ನಿಜವಿದೆ. ಇನ್ನರ್ಧ ಏನೆಂದರೆ, ಎರಡು ವರ್ಷ ದಾಟಿದ ಮೇಲೂ ಬಾಗು ಹೆಚ್ಚುತ್ತಲೇ ಇದ್ದರೆ, ಮಗು ಓರಗೆಯವರಿಗಿಂತ ಗಿಡ್ಡವಾಗಿ ಉಳಿದರೆ, ಅದು ಮೂಳೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ರಿಕೆಟ್ಸ್ ಎಂಬ ಕಾಯಿಲೆ ಇರಬಹುದು. ಆ ವಯಸ್ಸಿನಲ್ಲಿ ಹಿಡಿದರೆ ಬಹುತೇಕ ಮಕ್ಕಳಿಗೆ ಔಷಧಿಯಿಂದಲೇ ಕಾಲು ನೇರವಾಗುತ್ತದೆ. ಹತ್ತು ವರ್ಷಕ್ಕೆ ತಂದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಮೂಳೆ ಯಾಕೆ ಬಾಗುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಮಕ್ಕಳ ಉದ್ದ ಮೂಳೆಗಳು ಬೆಳೆಯುವುದು ತುದಿಯಲ್ಲಿ. ಅಲ್ಲಿ ಮೊದಲು ಮೆದುವಾದ ಎಳೆಮೂಳೆ ಹುಟ್ಟಿ, ಆಮೇಲೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಕೂತು ಗಟ್ಟಿಯಾಗುತ್ತದೆ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಅದಿಲ್ಲದಿದ್ದರೆ ತಿಂದದ್ದರಲ್ಲಿ ಹೆಚ್ಚಿನ ಪಾಲು ಮಲದಲ್ಲೇ ಹೋಗುತ್ತದೆ. ಆಗ ದೇಹ ರಕ್ತದ ಕ್ಯಾಲ್ಸಿಯಂ ಉಳಿಸಿಕೊಳ್ಳಲು ಮೂಳೆಯಿಂದಲೇ ಎಳೆದುಕೊಳ್ಳುತ್ತದೆ, ಜೊತೆಗೆ ರಂಜಕವನ್ನು ಮೂತ್ರದಲ್ಲಿ ಹೊರಹಾಕುತ್ತದೆ. ತುದಿಯ ಎಳೆಮೂಳೆ ಗಟ್ಟಿಯಾಗದೆ ದಪ್ಪಗೆ ಊದಿಕೊಳ್ಳುತ್ತದೆ. ನಿಂತು ನಡೆಯುವ ಮಗುವಿನ ಮೈಭಾರ ಬೀಳುವುದು ಮಂಡಿಯ ಹತ್ತಿರದ ಈ ಮೆತ್ತನೆಯ ಭಾಗದ ಮೇಲೆ. ಕಾಲು ಬಾಗುತ್ತದೆ, ಉದ್ದ ಬೆಳೆಯುವುದು ನಿಧಾನವಾಗುತ್ತದೆ. ಗಿಡ್ಡತನಕ್ಕೆ ಈ ಎರಡೂ ಕಾರಣ.

ಮನೆಯಲ್ಲಿ ನೋಡಬೇಕಾದ್ದು

ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮಂಡಿಚಿಪ್ಪು ಮೇಲ್ಮುಖವಾಗಿರುವಂತೆ ಕಾಲು ನೀಡಿಸಿ. ಎರಡೂ ಪಾದದ ಒಳಗಿಣ್ಣುಗಳನ್ನು ಒಂದಕ್ಕೊಂದು ತಾಗಿಸಿ. ಈಗ ಎರಡು ಮಂಡಿಗಳ ನಡುವೆ ಎಷ್ಟು ಜಾಗವಿದೆ ಎಂದು ಟೇಪಿನಲ್ಲಿ ಅಳೆಯಿರಿ. ಟೇಪ್ ಇಲ್ಲದಿದ್ದರೆ ದೊಡ್ಡವರ ನಾಲ್ಕು ಬೆರಳು ಜೋಡಿಸಿದರೆ ಸುಮಾರು 6-7 ಸೆಂ.ಮೀ. ಎರಡು ವರ್ಷ ದಾಟಿದ ಮಗುವಿನಲ್ಲಿ ಈ ಅಂತರ 6 ಸೆಂ.ಮೀ. ಮೀರಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಮಂಡಿ ಒಳಕ್ಕೆ ಸರಿದಿದ್ದರೆ ಅಳತೆ ತಿರುಗುಮುರುಗು: ಮಂಡಿಗಳನ್ನು ತಾಗಿಸಿ ಗಿಣ್ಣುಗಳ ನಡುವಿನ ಅಂತರ ನೋಡಬೇಕು, 8 ಸೆಂ.ಮೀ. ಮೀರಬಾರದು. ದಿನಾಂಕದೊಂದಿಗೆ ತಾಯಿ ಕಾರ್ಡಿನ ಹಿಂದೆಯೇ ಬರೆದಿಡಿ. ಒಂದೇ ಕಾಲು ಬಾಗಿದ್ದರೆ, ಅಥವಾ ಒಂದು ಇನ್ನೊಂದಕ್ಕಿಂತ ತುಂಬ ಹೆಚ್ಚು ಬಾಗಿದ್ದರೆ, ಅದು ಬೇರೆ ಕಾಯಿಲೆಯಾಗಿರುವ ಸಾಧ್ಯತೆ ಹೆಚ್ಚು. ಅಂಥ ಮಗುವನ್ನು ಮೂಳೆ ವೈದ್ಯರಿಗೆ ತೋರಿಸಬೇಕು.

ಕಾಲಿಗಿಂತ ಹೆಚ್ಚು ನಂಬಬಹುದಾದ ಗುರುತು ಕೈಯ ಮಣಿಕಟ್ಟು. ಸಹಜವಾಗಿ ಕಾಲು ಬಾಗಿದ ಮಗುವಿನ ಮಣಿಕಟ್ಟು ತೆಳ್ಳಗಿರುತ್ತದೆ. ರಿಕೆಟ್ಸ್ ಇದ್ದರೆ ಬಳೆ ತೊಡಿಸುವ ಜಾಗದಲ್ಲೇ ಮೂಳೆ ಅಗಲವಾಗಿ ಉಬ್ಬಿರುತ್ತದೆ, ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿದರೆ ದಪ್ಪ ಕೈಗೆ ಸಿಗುತ್ತದೆ. ಅಂಗಿ ತೆಗೆದು ಎದೆಯ ಮೇಲೆ ಬೆರಳಾಡಿಸಿ ನೋಡಿ. ಪಕ್ಕೆಲುಬುಗಳು ಮುಂದೆ ಎಳೆಮೂಳೆಗೆ ಸೇರುವ ಕಡೆ ಎರಡೂ ಬದಿಯಲ್ಲಿ ಮಣಿ ಪೋಣಿಸಿದಂತೆ ಸಾಲು ಗಂಟು ಸಿಕ್ಕಬಹುದು. ಹಣೆ ಮುಂದಕ್ಕೆ ಉಬ್ಬಿರುವುದು, ಒಂದೂವರೆ ವರ್ಷ ದಾಟಿದರೂ ನೆತ್ತಿ ಮುಚ್ಚದಿರುವುದು, ಹಲ್ಲು ತಡವಾಗಿ ಬರುವುದು, ನಡೆಯುವುದು ತಡವಾಗುವುದು, ನಡೆದರೂ ಬಾತುಕೋಳಿಯಂತೆ ಅತ್ತಿತ್ತ ವಾಲುವುದು, ಎತ್ತಿಕೊಂಡರೆ ನೋವಿಗೆ ಅಳುವುದು, ಇವೂ ಜೊತೆಗಿರಬಹುದು. ಎಲ್ಲವೂ ಇರಲೇಬೇಕೆಂದಿಲ್ಲ. ಮಣಿಕಟ್ಟಿನ ಊತವೊಂದೇ ಸಾಕು, ಕಾಯದೆ ಹೋಗಿ.

ಮಗುವಿಗೆ ಫಿಟ್ಸ್ ಬಂದರೆ, ಕೈಬೆರಳು ಸೆಟೆದು ಒಳಕ್ಕೆ ಮಡಚಿಕೊಂಡರೆ, ಉಸಿರಾಡುವಾಗ ಗಂಟಲಲ್ಲಿ ಗೊರಗುಟ್ಟಿದರೆ, ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಆಗ ಅಳತೆ, ವಿಟಮಿನ್ ಡಿ ಹನಿ ಯಾವುದೂ ಬೇಡ, ನೇರ ಆಸ್ಪತ್ರೆಗೆ.

ಎಲ್ಲಿಗೆ ಹೋಗಬೇಕು ಎಂದು ಗೊಂದಲವಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಅವರು ಹುಡುಕಬೇಕಾದ ಕೊರತೆಗಳ ಪಟ್ಟಿಯಲ್ಲಿ ರಿಕೆಟ್ಸ್ ಕೂಡ ಇದೆ. ತಂಡ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರ ಹತ್ತಿರ ಹೋಗಬಹುದು.

ಪರೀಕ್ಷೆಯ ಚೀಟಿ ಓದುವುದು

ಮುಖ್ಯವಾದ ಪರೀಕ್ಷೆ ಮಣಿಕಟ್ಟಿನ ಎಕ್ಸ್‌ರೇ. ರಿಕೆಟ್ಸ್‌ನಲ್ಲಿ ಮೂಳೆಯ ತುದಿ ಬಟ್ಟಲಿನಂತೆ ಒಳಗೆ ಕುಸಿದು, ಅಂಚು ಹರಿದ ಬಟ್ಟೆಯ ನೂಲಿನಂತೆ ಬಿಡಿಬಿಡಿಯಾಗಿ ಕಾಣುತ್ತದೆ. ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಮೂಳೆ ಬೆಳೆಯುವಾಗ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ನೋಡುತ್ತಾರೆ. ವಿಟಮಿನ್ ಡಿ ಮಟ್ಟದ ಪರೀಕ್ಷೆ ದುಬಾರಿ. ಕೈಯಲ್ಲಿ ಹಣವಿಲ್ಲದಿದ್ದರೆ ಎಕ್ಸ್‌ರೇ ಮತ್ತು ಆ ಮೂರು ಪರೀಕ್ಷೆ ಇಟ್ಟುಕೊಂಡೇ ವೈದ್ಯರು ಚಿಕಿತ್ಸೆ ಶುರುಮಾಡಬಹುದು, ಅದಕ್ಕಾಗಿ ತಿಂಗಳುಗಟ್ಟಲೆ ತಡ ಮಾಡಬೇಡಿ.

ಇಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಸಣ್ಣ ಲ್ಯಾಬ್‌ಗಳ ಚೀಟಿಯಲ್ಲಿ "ನಾರ್ಮಲ್" ಎಂದು ಅಚ್ಚಾಗಿರುವ ಅಂಕಿ ಅನೇಕ ಸಲ ದೊಡ್ಡವರದು. ಬೆಳೆಯುವ ಮಕ್ಕಳ ರಂಜಕ ದೊಡ್ಡವರಿಗಿಂತ ಹೆಚ್ಚಿರಬೇಕು, ಎರಡು-ಮೂರು ವರ್ಷದವರಲ್ಲಿ ಸುಮಾರು 4 ಕ್ಕಿಂತ ಮೇಲೆ. ಮಗುವಿನ ಚೀಟಿಯಲ್ಲಿ 2.9 ಬಂದರೆ, ದೊಡ್ಡವರ ಲೆಕ್ಕ 2.5 ರಿಂದ 4.5 ಆದ್ದರಿಂದ "ಸರಿಯಿದೆ" ಎಂದು ಪಕ್ಕಕ್ಕಿಡುತ್ತಾರೆ, ಆದರೆ ಅದು ಕಡಿಮೆ. ಆಲ್ಕಲೈನ್ ಫಾಸ್ಫಟೇಸ್ ವಿಷಯದಲ್ಲಿ ಇದಕ್ಕೆ ಉಲ್ಟಾ: ಮಕ್ಕಳಲ್ಲಿ 300 ಇದ್ದರೂ ಗಾಬರಿಯಾಗಬೇಕಿಲ್ಲ. ರಿಕೆಟ್ಸ್‌ನಲ್ಲಿ ಅದು ಸಾವಿರ ದಾಟುವುದುಂಟು. ಚೀಟಿ ತೋರಿಸುವಾಗ "ಇದು ಮಗುವಿನ ವಯಸ್ಸಿಗೆ ಸರಿಯಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಒಂದು ಮಗುವಿನ ಲೆಕ್ಕ

ಉದಾಹರಣೆಗೆ ಶಿಡ್ಲಘಟ್ಟ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ರೇಷ್ಮೆ ಹುಳು ಸಾಕುವ ಮನೆ, ತಾಯಿಗೆ ಸೊಪ್ಪು ಹಾಕುವ ಕೆಲಸವೇ ದಿನವಿಡೀ, ಮಗು ಅವರ ಕಣ್ಣೆದುರು ಒಳಗೇ ಇರುತ್ತದೆ. ಹೆಣ್ಣುಮಗು, ಎರಡೂವರೆ ವರ್ಷ. ಎದೆಹಾಲು ಇನ್ನೂ ಕುಡಿಯುತ್ತದೆ, ಊಟ ಅಂದರೆ ಮುದ್ದೆ, ಸಾರು, ಅನ್ನ. ಹುಟ್ಟಿದಾಗ ಕೊಟ್ಟ ಹನಿಯ ಸೀಸೆ ಮುಗಿದ ಮೇಲೆ ಯಾರೂ ಮತ್ತೆ ತಂದಿಲ್ಲ. ಮಂಡಿಗಳ ನಡುವೆ 7 ಸೆಂ.ಮೀ., ಎತ್ತರ 82 ಸೆಂ.ಮೀ. ಈ ವಯಸ್ಸಿನ ಹೆಣ್ಣುಮಕ್ಕಳ ಸರಾಸರಿ ಸುಮಾರು 90.7 ಸೆಂ.ಮೀ., ಕುಳ್ಳು ಎಂದು ಎಣಿಸುವ ಗೆರೆ 83.6 ಸೆಂ.ಮೀ. ಮಗು ಆ ಗೆರೆಯ ಕೆಳಗಿದೆ. ಆಲ್ಕಲೈನ್ ಫಾಸ್ಫಟೇಸ್ 1150, ರಂಜಕ 2.9, ಎಕ್ಸ್‌ರೇಯಲ್ಲಿ ಬಟ್ಟಲಿನ ಆಕಾರ. ರಿಕೆಟ್ಸ್ ಎನ್ನಲು ಇಷ್ಟು ಸಾಕು.

ವೈದ್ಯರು ಬರೆಯುವ ಔಷಧಿ ಎರಡು. ಒಂದು ವಿಟಮಿನ್ ಡಿ, ಅದನ್ನು ಅಳೆಯುವುದು ಐಯು ಎಂಬ ಮಾನದಲ್ಲಿ: ಒಂದು ವರ್ಷದೊಳಗಿನವರಿಗೆ ದಿನಕ್ಕೆ 2000 ಐಯು, ಅದಕ್ಕಿಂತ ದೊಡ್ಡ ಮಕ್ಕಳಿಗೆ 3000 ಐಯು ಅಥವಾ ವೈದ್ಯರು ಹೇಳಿದಂತೆ ಇನ್ನೂ ಹೆಚ್ಚು, ಕನಿಷ್ಠ 12 ವಾರ. ಇನ್ನೊಂದು ಕ್ಯಾಲ್ಸಿಯಂ, ದಿನಕ್ಕೆ 500 ಮಿ.ಗ್ರಾಂ.

ಚಿಕಿತ್ಸೆ ಹಾಳಾಗುವುದು ಹೆಚ್ಚಾಗಿ ಸೀಸೆಯ ಲೆಕ್ಕದಲ್ಲಿ. ಮಾಮೂಲಾಗಿ ಸಿಗುವ ಒಂದು ಬಗೆಯ ಹನಿಯಲ್ಲಿ 1 ಮಿ.ಲೀ.ಗೆ 800 ಐಯು ಇರುತ್ತದೆ. 3000 ಐಯು ಆಗಬೇಕಾದರೆ ದಿನಕ್ಕೆ 3.75 ಮಿ.ಲೀ. ಬೇಕು. 30 ಮಿ.ಲೀ. ಸೀಸೆ ಎಂಟು ದಿನಕ್ಕೆ ಖಾಲಿ. 12 ವಾರ ಅಂದರೆ 84 ದಿನ, 315 ಮಿ.ಲೀ., ಹನ್ನೊಂದು ಸೀಸೆ. ಮನೆಯವರು ಒಂದು ಸೀಸೆ ತಂದು, ಅದು ಮುಗಿದರೆ ಔಷಧಿ ಮುಗಿಯಿತು ಎಂದುಕೊಳ್ಳುತ್ತಾರೆ. ಎರಡು ತಿಂಗಳ ಮೇಲೆ ಕಾಲು ಹಾಗೇ ಇದೆ ಎಂದು ನಂಬಿಕೆ ಕಳೆದುಕೊಳ್ಳುತ್ತಾರೆ. ಅಷ್ಟು ಸೀಸೆ ತರುವುದು ಕಷ್ಟವಾದರೆ ವೈದ್ಯರಿಗೆ ಮೊದಲೇ ಹೇಳಿ, ಇದಕ್ಕಿಂತ ಗಟ್ಟಿ ಪ್ರಮಾಣದ ಔಷಧಿ ಬರೆದುಕೊಡುತ್ತಾರೆ. ಆದರೆ ಗಟ್ಟಿ ಔಷಧಿಯಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಕೆಲವು ಸೀಸೆಗಳಲ್ಲಿ ಒಂದೇ ತೊಟ್ಟಿನಲ್ಲಿ 400 ಐಯು ಇರುತ್ತದೆ. ಹಳೆಯ ಸೀಸೆಯ ಅಭ್ಯಾಸದಲ್ಲಿ ಡ್ರಾಪರ್ ತುಂಬ ಹಾಕಿಬಿಟ್ಟರೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೋಗುತ್ತದೆ. ಪ್ರತಿ ಹೊಸ ಸೀಸೆಯ ಲೇಬಲ್‌ನಲ್ಲೂ "ಪ್ರತಿ ಮಿ.ಲೀ.ಗೆ" ಎಂದಿದೆಯೋ "ಪ್ರತಿ ಹನಿಗೆ" ಎಂದಿದೆಯೋ ಎಂದು ಔಷಧಿ ಅಂಗಡಿಯವರಿಂದಲೇ ಓದಿಸಿಕೊಳ್ಳಿ.

60,000 ಐಯು ಪುಡಿಯ ಪೊಟ್ಟಣವೂ ಬಳಕೆಯಲ್ಲಿದೆ. ದಿನಾ ಕೊಡಲಾಗದ ಮನೆಯವರಿಗೆ ವಾರಕ್ಕೊಂದರಂತೆ ಇಷ್ಟೇ ವಾರ ಎಂದು ವೈದ್ಯರು ಬರೆದುಕೊಡುವುದುಂಟು. ಇದನ್ನು ದಿನಾ ಒಂದರಂತೆ ಕೊಟ್ಟು ಮಕ್ಕಳು ಆಸ್ಪತ್ರೆ ಸೇರುವುದಿದೆ. ವಿಟಮಿನ್ ಡಿ ಮೂತ್ರದಲ್ಲಿ ಹೊರಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಊಟ ಸೇರದಿರುವುದು, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಶುರುವಾಗುತ್ತದೆ, ಮೂತ್ರಪಿಂಡ ಹಾಳಾಗಬಹುದು. ಈ ಲಕ್ಷಣ ಕಂಡರೆ ಔಷಧಿ ನಿಲ್ಲಿಸಿ, ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಪೊಟ್ಟಣ ಬರೆದುಕೊಟ್ಟಿದ್ದರೆ ವಾರದ ಒಂದು ದಿನ ಗೊತ್ತುಮಾಡಿ, ಸೋಮವಾರವೋ ಶುಕ್ರವಾರವೋ, ಕೊಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊಟ್ಟವರು ಅಜ್ಜಿಯೋ ಅಮ್ಮನೋ ಎಂಬ ಗೊಂದಲದಲ್ಲಿ ಎರಡು ಸಲ ಹೋಗುವುದು ಇದರಿಂದ ತಪ್ಪುತ್ತದೆ. ಒಂದೇ ಇಂಜೆಕ್ಷನ್‌ನಲ್ಲಿ ಆರು ಲಕ್ಷ ಐಯು ಹಾಕಿಸಿ ಮುಗಿಸುವ ಹಳೆಯ ರೂಢಿಯೂ ಒಳ್ಳೆಯದಲ್ಲ. ಒಳಗೆ ಹೋದದ್ದನ್ನು ವಾಪಸ್ ತೆಗೆಯಲಾಗುವುದಿಲ್ಲ.

ಕ್ಯಾಲ್ಸಿಯಂ ಸಿರಪ್ ಯಾಕೆ ಬೇಕು ಎಂದರೆ, ವಿಟಮಿನ್ ಡಿ ಸಿಕ್ಕ ಕೂಡಲೇ ಹಸಿದ ಮೂಳೆ ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ರಭಸದಿಂದ ಎಳೆದುಕೊಳ್ಳುತ್ತದೆ. ಊಟದಿಂದ ಬರುವುದು ಕಡಿಮೆಯಿದ್ದರೆ ರಕ್ತದ ಮಟ್ಟ ಕುಸಿದು ಚಿಕಿತ್ಸೆ ಶುರುವಾದ ಮೊದಲ ದಿನಗಳಲ್ಲೇ ಸೆಳೆತ ಬರಬಹುದು. ಸೀಸೆಯ ಮೇಲೆ ಎರಡು ಅಂಕಿ ಇರುತ್ತವೆ: "ಕ್ಯಾಲ್ಸಿಯಂ ಕಾರ್ಬೊನೇಟ್ 625 ಮಿ.ಗ್ರಾಂ." ಮತ್ತು ಅದಕ್ಕೆ ಸಮನಾದ "ಎಲಿಮೆಂಟಲ್ ಕ್ಯಾಲ್ಸಿಯಂ 250 ಮಿ.ಗ್ರಾಂ." ಲೆಕ್ಕಕ್ಕೆ ಬರುವುದು ಎರಡನೆಯದು. 5 ಮಿ.ಲೀ.ಯಲ್ಲಿ 250 ಇದ್ದರೆ ಬೆಳಿಗ್ಗೆ 5, ರಾತ್ರಿ 5 ಮಿ.ಲೀ., ಊಟದ ಜೊತೆ ಅಥವಾ ಊಟ ಆದ ತಕ್ಷಣ. ಅಂಗನವಾಡಿಯಲ್ಲಿ ಕೊಟ್ಟ ಕಬ್ಬಿಣದ ಸಿರಪ್ ಇದ್ದರೆ ಎರಡಕ್ಕೂ ನಡುವೆ ಎರಡು ಗಂಟೆಯ ಬಿಡುವಿರಲಿ, ಒಟ್ಟಿಗೆ ಕೊಟ್ಟರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ರಾಗಿ, ಹಾಲು, ಬಿಸಿಲು

"ರಾಗಿ ತಿನ್ನುವ ನಾಡಿನಲ್ಲಿ ಮೂಳೆ ಕಾಯಿಲೆಯಾ?" ಎಂದು ಕೇಳುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಜೊತೆಗೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಎರಡು ವರ್ಷದ ಮಗು ತಿನ್ನುವ ಸಣ್ಣ ಮುದ್ದೆಯಿಂದ ಸಿಗುವುದು ಸ್ವಲ್ಪವೇ. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ರಾಗಿ ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೂವರೆ ದಿನ ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಸಣ್ಣ ಬಿಳಿ ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಘಮ ಬರುವಷ್ಟು ಹುರಿದು ಹಿಟ್ಟು ಮಾಡಿಸಿ. ಸರಿಯಾಗಿ ಒಣಗದಿದ್ದರೆ ಹಿಟ್ಟಿಗೆ ಬೂಷ್ಟು ಬರುತ್ತದೆ, ಆ ಹಿಟ್ಟನ್ನು ಮಗುವಿಗೆ ಕೊಡಬಾರದು. ಈ ಹಿಟ್ಟಿನ ಸರಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ.

200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಅದು ಮೈಗೆ ಸುಲಭವಾಗಿ ಹತ್ತುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಸು ಕಟ್ಟದ ಹಳ್ಳಿಯಿಲ್ಲ, ಆದರೂ ಕರೆದದ್ದೆಲ್ಲ ಡೇರಿಗೆ ಹೋಗಿ ಮಗುವಿಗೆ ಟೀ ಉಳಿಯುವ ಮನೆಗಳಿವೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಮಗುವಿನ ಪಾಲೆಂದು ಮೊದಲೇ ತೆಗೆದಿಟ್ಟರೆ ಸಿರಪ್ ನಿಂತ ಮೇಲೂ ಲೆಕ್ಕ ತುಂಬುತ್ತದೆ. ಮನೆಯಲ್ಲಿ ಕರೆದ ಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಅದನ್ನು ಸೇರಿಸಿದ ಪ್ಯಾಕೆಟ್ ಹಾಲಿನ ಮೇಲೆ ಹಾಗೆಂದು ಅಚ್ಚಾಗಿರುತ್ತದೆ.

ಬಿಸಿಲಿನ ಬಗ್ಗೆ ಇರುವ ನಂಬಿಕೆಯೊಂದನ್ನು ತಿದ್ದಲೇಬೇಕು. ಬೆಳಿಗ್ಗೆ ಆರೂವರೆ-ಏಳರ ಎಳೆಬಿಸಿಲಿಗೆ ಮಗುವನ್ನು ಹಿಡಿದರೆ ವಿಟಮಿನ್ ಡಿ ಬರುತ್ತದೆ ಎನ್ನುತ್ತಾರೆ. ಚರ್ಮದಲ್ಲಿ ಈ ವಿಟಮಿನ್ ಹುಟ್ಟಿಸುವ ಕಿರಣ ಆ ಹೊತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯ ಮೇಲೇರಿ, ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದ ಮೇಲೆ, ಅಂದರೆ ಸುಮಾರು ಹತ್ತರಿಂದ ಮೂರರವರೆಗೆ ಅದು ಸಿಗುತ್ತದೆ. ನಡೆದಾಡುವ ಮಗುವನ್ನು ಕೈಕಾಲು ಬೆನ್ನು ಬರಿದಾಗಿಟ್ಟು ಹದಿನೈದು-ಇಪ್ಪತ್ತು ನಿಮಿಷ ಅಂಗಳದಲ್ಲಿ ಆಡಲು ಬಿಡಿ. ಏಪ್ರಿಲ್-ಮೇ ಉರಿಯಲ್ಲಿ ಹತ್ತು ನಿಮಿಷ ಸಾಕು, ತಲೆಗೆ ಬಟ್ಟೆ ಇರಲಿ. ಕಿಟಕಿಯ ಗಾಜಿನ ಹಿಂದೆ ಕೂರಿಸಿದರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಆರು ತಿಂಗಳೊಳಗಿನ ಕೂಸನ್ನು ಈ ಹೊತ್ತಿನ ಬಿಸಿಲಿಗೆ ಒಡ್ಡಬೇಡಿ, ಅದಕ್ಕೆ ಹನಿಯೇ ಸರಿ. ಬಾಗಿದ ಕಾಲಿಗೂ ಬಿಸಿಲೊಂದೇ ಸಾಲದು, ಔಷಧಿ ಬೇಕೇ ಬೇಕು.

ಎಣ್ಣೆ ಹಚ್ಚಿ ನೀರು ಹಾಕುವುದರಿಂದ ತೊಂದರೆಯಿಲ್ಲ. ಆದರೆ ಕಾಲು ನೇರವಾಗಲಿ ಎಂದು ಬಲವಾಗಿ ಎಳೆದು ನೀವಬಾರದು, ಎರಡು ಕಾಲು ಸೇರಿಸಿ ಬಟ್ಟೆ ಕಟ್ಟಬಾರದು. ರಿಕೆಟ್ಸ್ ಇರುವ ಮೂಳೆ ಸಣ್ಣ ಬಲಕ್ಕೂ ಮುರಿಯಬಹುದು.

ಕೊಳವೆಬಾವಿ ನೀರಿನ ಪ್ರಶ್ನೆ

ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಕಾಲು ಬಾಗಬಹುದು, ಹೆಚ್ಚಾಗಿ ಮಂಡಿಗಳು ಒಳಕ್ಕೆ ಸರಿಯುತ್ತವೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಮಕ್ಕಳಿಗೆ ಇದರ ಹೊಡೆತ ಜಾಸ್ತಿ. ಹಲ್ಲಿನ ಮೇಲೆ ಕಂದು ಪಟ್ಟೆ ಬಂದಿದೆಯೇ ಎಂದು ನೋಡುವುದು ರೂಢಿ, ಆದರೆ ಪಟ್ಟೆ ಕಾಣುವುದು ಮುಖ್ಯವಾಗಿ ಆರೇಳು ವರ್ಷಕ್ಕೆ ಬರುವ ಶಾಶ್ವತ ಹಲ್ಲಿನಲ್ಲಿ. ಎರಡೂವರೆ ವರ್ಷದ ಮಗುವಿನ ಬಾಯಿ ನೋಡಿ ಏನೂ ಹೇಳಲಾಗದು. ಅಣ್ಣ ಅಕ್ಕಂದಿರ ಹಲ್ಲು ನೋಡಿ, ಯಾವ ನೀರು ಕುಡಿಯುತ್ತೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಶುದ್ಧ ನೀರಿನ ಘಟಕದ ಕ್ಯಾನ್ ತಂದು ಕುಡಿಯಲು ಮಾತ್ರ ಇಟ್ಟು, ಮುದ್ದೆ ಸಾರಿಗೆ ಕೊಳವೆಬಾವಿ ನೀರನ್ನೇ ಬಳಸಿದರೆ ಫ್ಲೋರೈಡ್ ಊಟದಲ್ಲಿ ಹೋಗುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ವಾಸಿಯಾಗುತ್ತಿದೆಯೇ ಎಂದು ತಿಳಿಯುವುದು

ಮೊದಲ ತಿಂಗಳಲ್ಲಿ ಕಾಲು ನೇರವಾಗುವುದಿಲ್ಲ. ಅಳು, ನೋವು ಕಡಿಮೆಯಾಗುತ್ತದೆ, ಮಗು ತಾನಾಗಿ ಎದ್ದು ಓಡಾಡತೊಡಗುತ್ತದೆ. ಹನ್ನೆರಡು ವಾರಕ್ಕೆ ಮತ್ತೆ ಎಕ್ಸ್‌ರೇ ತೆಗೆದರೆ ಮೂಳೆಯ ತುದಿಯಲ್ಲಿ ಬಿಳಿ ಗೆರೆಯೊಂದು ಕೂತಿರಬೇಕು. ಎಳೆಮೂಳೆಗೆ ಕ್ಯಾಲ್ಸಿಯಂ ಸೇರುತ್ತಿದೆ ಎಂಬುದಕ್ಕೆ ಅದೇ ಗುರುತು. ಆಲ್ಕಲೈನ್ ಫಾಸ್ಫಟೇಸ್ ಇಳಿಯತೊಡಗಿರುತ್ತದೆ. ಮಂಡಿಯ ಅಂತರವನ್ನು ಮೂರು ತಿಂಗಳಿಗೊಮ್ಮೆ ಅದೇ ರೀತಿ ಮಲಗಿಸಿ ಅಳೆಯಿರಿ, ದಿನಾ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳದು. ಪೂರ್ತಿ ನೇರವಾಗಲು ಒಂದೆರಡು ವರ್ಷ ಬೇಕಾಗಬಹುದು. ಎತ್ತರವನ್ನೂ ಆಗಲೇ ಬರೆದಿಡಿ. ಈ ವಯಸ್ಸಿನಲ್ಲಿ ವರ್ಷಕ್ಕೆ ಎಂಟೊಂಬತ್ತು ಸೆಂ.ಮೀ. ಬೆಳೆಯುವುದು ಸಹಜ, ಚಿಕಿತ್ಸೆ ಹತ್ತಿದ ಮಗು ಅದಕ್ಕಿಂತ ವೇಗವಾಗಿ ಬೆಳೆಯಬಹುದು.

ಔಷಧಿ ತಪ್ಪದೆ ಕೊಟ್ಟೂ ಹನ್ನೆರಡು ವಾರಕ್ಕೆ ಎಕ್ಸ್‌ರೇಯಲ್ಲಿ ಗೆರೆ ಬಾರದಿದ್ದರೆ ಅದೇ ಔಷಧಿಯನ್ನು ಹೆಚ್ಚಿಸುತ್ತಾ ಹೋಗಬಾರದು. ಮೂತ್ರಪಿಂಡ ರಂಜಕವನ್ನು ಸೋರಿಸುವ, ವಂಶದಲ್ಲಿ ಬರುವ ರಿಕೆಟ್ಸ್ ಒಂದಿದೆ. ತಾಯಿಗೋ ಸೋದರಮಾವನಿಗೋ ಕಾಲು ಬಾಗಿ ಗಿಡ್ಡವಾಗಿದ್ದರೆ ಅದನ್ನು ಅನುಮಾನಿಸಬೇಕು. ಅದರ ಔಷಧಿಯೇ ಬೇರೆ. ಮೂತ್ರಪಿಂಡದ ಇತರ ಕಾಯಿಲೆ, ಆಹಾರ ಮೈಗೆ ಹತ್ತದ ಕಾಯಿಲೆಗಳನ್ನೂ ನೋಡಬೇಕಾಗುತ್ತದೆ. ಇದಕ್ಕೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ, ಹಳೆಯ ಎಕ್ಸ್‌ರೇ ಮತ್ತು ಖಾಲಿ ಸೀಸೆಗಳ ಸಮೇತ ಹೋಗುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯ ಮಾತು ಬಂದರೂ ರಕ್ತ ಮತ್ತು ಎಕ್ಸ್‌ರೇ ಎರಡೂ ಸರಿಯಾದ ಮೇಲೇ ಮಾಡಿಸಬೇಕು. ಮೆತ್ತಗಿರುವ ಮೂಳೆಯನ್ನು ಕತ್ತರಿಸಿ ನೇರ ಮಾಡಿದರೆ ಅದು ಮತ್ತೆ ಬಾಗುತ್ತದೆ.

ಹನ್ನೆರಡು ವಾರ ಮುಗಿದ ಮೇಲೆ ಮಗುವಿಗೆ ದಿನಕ್ಕೆ 600 ಐಯು ಮುಂದುವರಿಯಲಿ. ಅದೇ ಮನೆಯಲ್ಲಿ ಹಸುಗೂಸು ಇದ್ದರೆ, ಅಥವಾ ಮುಂದೆ ಹುಟ್ಟಿದರೆ, ಎದೆಹಾಲು ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ವಿಟಮಿನ್ ಡಿ ಸಾಲದು. ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು, ಅಂದರೆ 800ರ ಸೀಸೆಯಲ್ಲಿ ಅರ್ಧ ಮಿ.ಲೀ. ಈ ಲೆಕ್ಕದಲ್ಲಿ 30 ಮಿ.ಲೀ. ಸೀಸೆ ಅರವತ್ತು ದಿನ ಬರುತ್ತದೆ, ವರ್ಷಕ್ಕೆ ಆರೋ ಏಳೋ ಸೀಸೆ. ತೆರೆದ ಸೀಸೆಯನ್ನು ಎಷ್ಟು ದಿನದೊಳಗೆ ಬಳಸಬೇಕೆಂದು ಲೇಬಲ್‌ನಲ್ಲಿ ನೋಡಿ, ತೆರೆದ ದಿನಾಂಕವನ್ನು ಸೀಸೆಯ ಮೇಲೆಯೇ ಬರೆಯಿರಿ.